ಸಾವಿರದ ಅರವತ್ನಾಲ್ಕನೇ ಕಾರ್ಡು

ಹರಿಹರದ ಪ್ರೇಮಲತಾ ಹದಿನಾಲ್ಕು ವರ್ಷ ಟೈಪಿಂಗ್ ಕಲಿಸಿದವರು. ತಂದೆ ಏಕಾಂತಪ್ಪ ನಡೆಸುತ್ತಿದ್ದ ಶಾಲೆಗೆ ಬರುವವರು ಕಡಿಮೆಯಾಗಿ, ತೊಂಬತ್ತೇಳರಲ್ಲಿ ಅದರ ಬಾಗಿಲು ಮುಚ್ಚಿತು. ಆಗ ಅವರಿಗೆ ಮೂವತ್ತಾರು. ಮದುವೆಯಾಗಿರಲಿಲ್ಲ. ಮರುವರ್ಷ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಬಕ್ಕೇಶಪ್ಪ ಸಾಹುಕಾರರ ಬೆಳ್ಳಿ ಬಂಗಾರದ ಅಂಗಡಿಗೆ ಕಂಪ್ಯೂಟರ್ ನೋಡಿಕೊಳ್ಳಲು ಸೇರಿದರು. ಬೆಳಿಗ್ಗೆ ಒಂಬತ್ತರ ಬಸ್ಸು, ಸಂಜೆ ಏಳರ ಬಸ್ಸು.

ಅಂಗಡಿ ಚಿಕ್ಕದು. ಲಿಂಗದ ಕರಡಿಗೆ, ಉಡಿದಾರ, ಕಾಲ್ಗೆಜ್ಜೆಗಳೇ ಹೆಚ್ಚು ಹೋಗುತ್ತಿದ್ದವು. ಸಾಹುಕಾರರ ಅಕ್ಕನ ಮಗ ಕೊಟ್ರೇಶ್ ವಿನೋಬನಗರದಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ. ತೊಂಬತ್ತೊಂಬತ್ತರ ಯುಗಾದಿ ಹೊತ್ತಿಗೆ ಅವನು ಅಂಗಡಿಗೆ ಇಂಟರ್‌ನೆಟ್‌ನಲ್ಲಿ ಒಂದು ಪುಟ ಮಾಡಿಕೊಟ್ಟ. ಮೂವತ್ತು ಒಡವೆಗಳ ಫೋಟೋ, ಪಕ್ಕದಲ್ಲಿ ನಂಬರು, ಕೆಳಗೆ ತುಂಬಬೇಕಾದ ಫಾರ್ಮು. ತುಂಬಿ ಒತ್ತಿದರೆ ಅದು ಇ-ಮೇಲ್ ಆಗಿ ಅಂಗಡಿಗೆ ಬರುತ್ತಿತ್ತು. ಫೋನ್ ಬಿಲ್ಲಿನ ಭಯಕ್ಕೆ ಪ್ರೇಮಲತಾ ದಿನಕ್ಕೆ ಎರಡೇ ಸಲ ಲೈನು ಹಚ್ಚಿ ಅಂಚೆ ಇಳಿಸಿಕೊಳ್ಳುತ್ತಿದ್ದರು. ಹಣ ಬ್ಯಾಂಕ್ ಡ್ರಾಫ್ಟಿನಲ್ಲಿ ಬರಬೇಕು. ಇಲ್ಲವೇ ಗಿಫ್ಟ್ ಕಾರ್ಡಿನ ನಂಬರು ಬರೆಯಬೇಕು.

ಗಿಫ್ಟ್ ಕಾರ್ಡು ಸಾಹುಕಾರರ ಆಸೆ. ಐನೂರೊಂದು ರೂಪಾಯಿಯದು, ಸಾವಿರದೊಂದು ರೂಪಾಯಿಯದು ಎಂದು ಎರಡು ಬಗೆ. ಒಂದು ವರ್ಷ ವಾಯಿದೆ. ಅಂಗಡಿಯಲ್ಲೂ ನಡೆಯುತ್ತದೆ, ಪುಟದಲ್ಲೂ ನಡೆಯುತ್ತದೆ. ಪ್ರೆಸ್ಸಿನವನು ಕೇಳಿದಾಗ ನಂಬರುಗಳನ್ನು ಸಾವಿರದೊಂದರಿಂದ ಸಾಲಾಗಿ ಹಾಕಲು ಹೇಳಿದವರು ಪ್ರೇಮಲತಾ ಅವರೇ. ಪಾಯಿಂಟಿನ ಲೆಕ್ಕವೂ ಅವರದೇ. ನೂರು ರೂಪಾಯಿ ವ್ಯಾಪಾರಕ್ಕೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ ಒಂದು ರೂಪಾಯಿ. ಅದನ್ನು ಒಡವೆ ಮಾಡಿದ ಮಜೂರಿಯಲ್ಲಿ ಮಾತ್ರ ಕಳೆಯಬಹುದು, ಬೆಳ್ಳಿಯ ಬೆಲೆಯಲ್ಲಿ ಅಲ್ಲ. ಕಾರ್ಡು ಕೊಂಡಾಗ ಪಾಯಿಂಟಿಲ್ಲ, ಕಾರ್ಡು ಕೊಟ್ಟು ಒಡವೆ ಒಯ್ದಾಗ ಮಾತ್ರ ಉಂಟು. ಇಲ್ಲದಿದ್ದರೆ ಒಂದೇ ಹಣಕ್ಕೆ ಎರಡು ಸಲ ಪಾಯಿಂಟು ಹೋಗುತ್ತದೆಂದು ಅವರು ಮೊದಲೇ ಕಂಡುಕೊಂಡಿದ್ದರು. ಎರಡಕ್ಕೂ ಒಂದೇ ರಿಜಿಸ್ಟರು, ಅವರದೇ ಅಕ್ಷರ.

ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಮಾಯಕೊಂಡದಿಂದ ಓಬಕ್ಕ ಎಂಬ ಹೆಂಗಸು ಬಂದಳು. ವಯಸ್ಸು ಅರವತ್ತರ ಹತ್ತಿರ. ಮರುದಿನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಪುಣೆಯಲ್ಲಿ ಮಿಲಿಟರಿಯಲ್ಲಿದ್ದ ತಮ್ಮನ ಮಗ ಹನುಮೇಶ್ ಡ್ರಾಫ್ಟು ಕಳಿಸಿ ಕೊಂಡ ಐನೂರೊಂದರ ಕಾರ್ಡನ್ನು ಅವಳಿಗೆ ಅಂಚೆಯಲ್ಲಿ ಕಳಿಸಿದ್ದ. ಅವಳು ಒಂದು ಉಡಿದಾರ ಆರಿಸಿದಳು. ಬೆಳ್ಳಿಗೆ ನಾನೂರಾ ಹತ್ತು, ಮಜೂರಿ ತೊಂಬತ್ತು.

ಪ್ರೇಮಲತಾ ಕಾರ್ಡಿನ ನಂಬರು ನೋಡಿದರು. ಸಾವಿರದ ಅರವತ್ನಾಲ್ಕು. ರಿಜಿಸ್ಟರಿನಲ್ಲಿ ಅದರ ಮುಂದೆ ಆಗಲೇ ‘ಸಂದಾಯ’ ಎಂದು ಬರೆದಿತ್ತು. ಹತ್ತು ದಿನದ ಹಿಂದೆ ಸೊಲ್ಲಾಪುರದ ಮೈಲಾರಲಿಂಗಪ್ಪ ಎಂಬುವರು ಪುಟದಲ್ಲಿ ಈ ನಂಬರು ಹಾಕಿ ಕರಡಿಗೆ ತರಿಸಿಕೊಂಡಿದ್ದರು. ಪಾರ್ಸೆಲ್ ಕಟ್ಟಿದವರೂ ಪ್ರೇಮಲತಾ ಅವರೇ.

ಬಕ್ಕೇಶಪ್ಪ ಇಣುಕಿ ನೋಡಿದರು. “ಇದು ಮುಗಿದಿರೋ ಕಾರ್ಡವ್ವ. ನಿಮ್ಮ ಹುಡುಗ ತಾನೇ ಯಾರಿಗೋ ನಂಬರು ಕೊಟ್ಟು ಮಾಲು ತಗೊಂಡಾನೆ. ಖಾಲಿ ಕಾರ್ಡು ನಿನಗೆ ಕಳಿಸ್ಯಾನೆ.”

ಓಬಕ್ಕನ ಮುಖ ಕಪ್ಪಿಟ್ಟಿತು. “ಹನುಮೇಶ ಅಂಥಾವಲ್ಲ ಸಾವ್ಕಾರ್ರೆ. ನಾ ಎತ್ತಿ ಬೆಳೆಸಿದ ಹುಡುಗ ಅದು.”

ಗಿರಾಕಿಗಳು ನೋಡುತ್ತಿದ್ದರು. ಸಾಹುಕಾರರು ದನಿ ತಗ್ಗಿಸಿ, “ಪ್ರೇಮಾ, ಅಜ್ಜಿ ಹೆಸರಿಗೆ ಐವತ್ತು ಪಾಯಿಂಟ್ ಹಾಕು. ಬರಿಗೈಲಿ ಕಳಿಸಾದು ಬ್ಯಾಡ” ಎಂದರು.

“ಪಾಯಿಂಟ್ ತಗೊಂಡು ಏನು ಮಾಡ್ತಾರ್ರಿ? ಮಜೂರಿಯಾಗೆ ಐವತ್ತು ಬಿಟ್ರೆ ಬೆಳ್ಳಿ ರೊಕ್ಕ ಹಂಗೇ ಉಳೀತೈತೆ” ಎಂದರು ಪ್ರೇಮಲತಾ. “ಪಾಯಿಂಟು ನಾವು ಖುಷಿಯಿಂದ ಕೊಡೋದು. ಕಾರ್ಡು ಹಂಗಲ್ಲ. ಅದರ ರೊಕ್ಕ ನಾವು ಮೊದಲೇ ತಗೊಂಡೀವಿ. ಕಾರ್ಡು ಇವರ ಕೈಯಾಗೈತೆ. ಕಾಗದ ನೋಡದೆ ಬರೀ ನಂಬರು ನೋಡಿ ಮಾಲು ಕಳಿಸಿದ್ದು ನಾನು.”

“ಹಂಗಾದ್ರೆ ಲುಕ್ಸಾನು ಯಾರದು?”

“ನನ್ನ ಪಗಾರದಾಗೆ ಹಿಡೀರಿ.”

ಆಗ ಅವರ ಸಂಬಳ ಸಾವಿರದ ಎಂಟುನೂರು. ಬಕ್ಕೇಶಪ್ಪ ಒಳಗೆ ಹೋದರು. ಪ್ರೇಮಲತಾ ಉಡಿದಾರ ತೂಗಿ, ಡಬ್ಬಿಗೆ ಹಾಕಿ, ಓಬಕ್ಕನ ಹೆಸರಿಗೆ ಐದು ಪಾಯಿಂಟು ಬರೆದು ಚೀಟಿ ಕೊಟ್ಟರು. “ಇದು ಜ್ವಾಪಾನ ಮಾಡ್ರಿ” ಎಂದರು. ಓಬಕ್ಕ ಚೀಟಿಯನ್ನು ಎಲೆಅಡಿಕೆ ಚೀಲದಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಕೊಟ್ಟದ್ದಕ್ಕೆ ಒಳ್ಳೆಯ ಮಾತೇನೂ ಆಡಲಿಲ್ಲ. ಹುಡುಗನ ಮೇಲೆ ಬಂದ ಮಾತು ಅವಳ ಹೊಟ್ಟೆಯಲ್ಲೇ ಉಳಿದಿತ್ತು.

ಆ ಸಂಜೆ ಹರಿಹರದ ಬಸ್ಸಿನಲ್ಲಿ ಪ್ರೇಮಲತಾ ಕೂತು ಯೋಚಿಸಿದ್ದು ಹಣವನ್ನಲ್ಲ. ಟೈಪಿಂಗ್ ಕಲಿಯುವವರು ಮಾಡುತ್ತಿದ್ದ ತಪ್ಪುಗಳನ್ನು. ಹೊಸಬರು ಅಕ್ಷರ ಬಿಡುವುದು ಕಡಿಮೆ, ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡುವುದೇ ಹೆಚ್ಚು.

ಮರುದಿನ ಬಂದವರೇ ರಿಜಿಸ್ಟರು ತೆಗೆದು ಸಾವಿರದ ನಲವತ್ತಾರು ನೋಡಿದರು. ಅದೂ ಐನೂರೊಂದರ ಕಾರ್ಡು, ಇನ್ನೂ ಬಳಕೆಯಾಗಿರಲಿಲ್ಲ. ಫಾರ್ಮಿನಲ್ಲಿದ್ದ ಸೊಲ್ಲಾಪುರದ ಫೋನ್ ನಂಬರಿಗೆ ಎಸ್‌ಟಿಡಿ ಹಚ್ಚಿದರು. ಮೈಲಾರಲಿಂಗಪ್ಪ ಬ್ಯಾಂಕಿನಲ್ಲಿ ಗುಮಾಸ್ತರು, ಇನ್ನೂ ಮನೆಯಲ್ಲೇ ಇದ್ದರು.

“ಸಾರ್, ನಿಮ್ಮ ಕಾರ್ಡು ಕೈಯಾಗೆ ಹಿಡಕೊಂಡು ಅದರ ಮ್ಯಾಲಿನ ನಂಬರು ಓದ್ತೀರಾ?”

ಅವರು ಒಳಗೆ ಹೋಗಿ ತಂದು ಓದಿದರು. “ಒಂದು, ಸೊನ್ನೆ, ನಾಲ್ಕು, ಆರು.”

ಕರಡಿಗೆ ಚೆನ್ನಾಗಿದೆ, ಮಾವನವರು ಕೊಟ್ಟ ಕಾರ್ಡು ಎಂದೂ ಸೇರಿಸಿದರು. ತಾವು ಆರು ನಾಲ್ಕು ಎಂದು ಒತ್ತಿದ್ದು ಅವರಿಗೆ ಗೊತ್ತೇ ಇರಲಿಲ್ಲ. ಪ್ರೇಮಲತಾ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಎರಡು ಗೆರೆ ಎಳೆದು, ಕರಡಿಗೆಯನ್ನು ನಲವತ್ತಾರಕ್ಕೆ, ಉಡಿದಾರವನ್ನು ಅರವತ್ನಾಲ್ಕಕ್ಕೆ ಬರೆದರು. ಯಾರದೂ ಒಂದು ಪೈಸೆ ಹೋಗಿರಲಿಲ್ಲ.

“ಹಂಗಾದ್ರೆ ಕಳ್ಳರು ಯಾರೂ ಇಲ್ಲ” ಎಂದು ಬಕ್ಕೇಶಪ್ಪ ನಕ್ಕರು.

“ಈ ಸರ್ತಿ ಇಲ್ಲ. ನೋಡ್ರಿ ಇಲ್ಲಿ.” ಪ್ರೇಮಲತಾ ಲೈನು ಹಚ್ಚಿ, ಪುಟದ ಫಾರ್ಮಿನಲ್ಲಿ ಸುಳ್ಳು ಹೆಸರು ಬರೆದು, ಯಾರೋ ಕೊಂಡಿದ್ದ ಸಾವಿರದ ಎಪ್ಪತ್ತನ್ನು ಹಾಕಿ ಒತ್ತಿದರು. ಸ್ವಲ್ಪ ಹೊತ್ತಿಗೆ ಅಂಗಡಿಯ ಅಂಚೆಯಲ್ಲಿ ಆರ್ಡರು ಬಂತು. “ಇದು ನಾನಲ್ಲದೆ ಬ್ಯಾರೆ ಯಾರೋ ಆಗಿದ್ರೆ, ನಾನು ಪಾರ್ಸೆಲ್ ಕಟ್ಟತಿದ್ದೆ. ಒಂದು ಕಾರ್ಡು ಕೊಂಡವರಿಗೆ ಮುಂದಿನದೆಲ್ಲಾ ಗೊತ್ತಾಗ್ತೈತೆ. ಸಾಲಾಗಿ ಹಾಕಿಸಿದ್ದು ನನ್ನ ದಡ್ಡತನ.”

ಸಾಹುಕಾರರ ನಗು ನಿಂತಿತು. “ಹೆಂಗ ಮಾಡಾದು?”

ಪ್ರೇಮಲತಾ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿದರು. ಮಾರದೆ ಉಳಿದಿದ್ದ ಒಂದೊಂದು ಕಾರ್ಡಿಗೂ ಆರು ಸಲ ಕೈ ಹಾಕಿ ಎತ್ತಿದರು, ಎತ್ತಿದ ಚೀಟಿಯನ್ನು ಪ್ರತಿ ಸಲವೂ ಒಳಗೆ ಹಾಕಿ ಕಲಕಿದರು. ಬಂದ ಅಕ್ಷರಗಳನ್ನು ಕಾರ್ಡಿನ ಹಿಂದೆ ಬರೆದು ಮೇಲೆ ದಪ್ಪ ಕಾಗದ ಅಂಟಿಸಿದರು. ನಂಬರು ಮತ್ತು ಅಕ್ಷರ ಎರಡೂ ಹೊಂದಿದರೆ ಮಾತ್ರ ಮಾಲು. ಒಂದಂಕಿ ತಪ್ಪಿದರೂ ಅಕ್ಷರ ಹೊಂದುವುದಿಲ್ಲ. ಅಕ್ಷರಗಳ ಪಟ್ಟಿ ತಿಜೋರಿಗೆ ಹೋಯಿತು. ಆಗಲೇ ಮಾರಿದ್ದ ಕಾರ್ಡುಗಳಿಗೆ, ಕೊಂಡವರ ಹೆಸರನ್ನೂ ಕೇಳಿ ತಾಳೆ ನೋಡುವುದೆಂದಾಯಿತು. ಕೊಟ್ರೇಶ್ ಫಾರ್ಮಿಗೆ ಇನ್ನೊಂದು ಖಾನೆ ಸೇರಿಸಿದ.

ಪಗಾರದಲ್ಲಿ ಹಿಡಿಯುವ ಮಾತು ಮತ್ತೆ ಬರಲಿಲ್ಲ. ಹೆಚ್ಚಿಸುವ ಮಾತೂ ಬರಲಿಲ್ಲ.

ಭಾನುವಾರ ಅಂಗಡಿಗೆ ರಜೆ. ಅಂದು ಪ್ರೇಮಲತಾ ಮಾಯಕೊಂಡದ ಬಸ್ಸು ಹತ್ತಿದರು. ಕೇಳಿಕೊಂಡು ಓಬಕ್ಕನ ಮನೆ ಮುಟ್ಟಿದಾಗ ಅವಳು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು.

“ನಿಮ್ಮ ಹನುಮೇಶಂದು ಏನೂ ತಪ್ಪಿಲ್ಲ ಯವ್ವಾ. ಸೊಲ್ಲಾಪುರದೋರು ನಂಬರು ತಪ್ಪಿ ಒತ್ತಿದ್ರು. ಅದನ್ನ ಹೇಳಾಕ ಬಂದೆ.”

“ಇದಕ್ಕೇ ಬಂದ್ಯಾ ತಾಯಿ, ಅಷ್ಟು ದೂರದಿಂದ?” ಓಬಕ್ಕ ಮೊರ ಪಕ್ಕಕ್ಕಿಟ್ಟಳು. “ಆ ಮಾತು ಅಂದಿದ್ದು ನಿಮ್ಮ ಸಾವ್ಕಾರ. ಅವ ಯಾಕ ಬರಲಿಲ್ಲ?”

ಪ್ರೇಮಲತಾ ಮೊರದಿಂದ ಒಂದು ಶೇಂಗಾ ಎತ್ತಿ ಸುಲಿದರು. ಓಬಕ್ಕ ತೊಟ್ಟಿಲಿನಿಂದ ಕೂಸನ್ನು ಎತ್ತಿ ತಂದು ಅವರ ಮಡಿಲಿಗೆ ಹಾಕಿ, “ಹಿಡಕೊ, ಚಾ ಮಾಡ್ತೀನಿ” ಎಂದು ಒಳಗೆ ಹೋದಳು.