ಪಟ್ಟಿಯಲ್ಲಿಲ್ಲದ ಪ್ರಶ್ನೆ

ಸಂದರ್ಶನದ ಕುರ್ಚಿಯಲ್ಲಿ ಕೂರಿಸಬಾರದಂಥ ಮನುಷ್ಯ ನಾನು. ಹುಬ್ಬಳ್ಳಿ ಕಡೆಯ ಬೇಲೂರು ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ನನ್ನದು. ಗಾಡಿಗಳ ಬಿಡಿಭಾಗ ಅಳತೆಗೆ ಸರಿ ಇವೆಯೋ ಇಲ್ಲವೋ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಕೂಗಾಡುತ್ತೇನೆ. ಉತ್ತರ ತಡವಾದರೆ ಇನ್ನೂ ಜೋರಾಗಿ ಕೂಗಾಡುತ್ತೇನೆ. ಎದುರಿಗಿರುವವರು ಸುಮ್ಮನಿದ್ದರೆ ನನಗೆ ಕಾಲು ತುರಿಸಿದಂತಾಗುತ್ತದೆ. 'ಮೂಗಿನ ತುದೀಗೆ ಸಿಟ್ಟು' ಎಂದು ಹೆಂಡತಿ ನೆಂಟರ ಮುಂದೆಯೇ ಹೇಳುತ್ತಾಳೆ, ನಾನು ಅದಕ್ಕೂ ಸಿಟ್ಟಾಗುತ್ತೇನೆ.

ಆದರೆ ಸಂದರ್ಶನದ ದಿನ ನಾನು ಬಹಳ ಮೃದು ಎಂದೇ ನನ್ನ ನಂಬಿಕೆಯಾಗಿತ್ತು. ಅದಕ್ಕೊಂದು ಕಾರಣವೂ ಇತ್ತು. ನಮ್ಮ ಕಡೆ ಹೊಸಬರನ್ನು ಮಾತಾಡಿಸುವುದೆಂದರೆ ಯಾವ ಊರು, ಯಾರ ಪೈಕಿ, ಅಪ್ಪಾರು ಏನು ಮಾಡ್ತಾರೆ ಎಂದು ಕೇಳುವುದು. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುತ್ತೇವೆ. ಹುಡುಗರ ಎದೆಬಡಿತ ಇಳಿಯಲಿ ಎಂದು ನಾನೂ ಮೊದಲು ಅದನ್ನೇ ಕೇಳುತ್ತಿದ್ದೆ. ನೇಮಕಾತಿ ನೋಡಿಕೊಳ್ಳುವ ನಮ್ಮ ಮೇಡಂ, ಸಪ್ತಾಪುರದವರು, ನನಗಿಂತ ಹದಿನೈದು ವರ್ಷ ಚಿಕ್ಕವರು, ಎಲ್ಲರಿಗೂ ಒಂದೇ ರೀತಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಸಲ ನನ್ನ ಮುಂದಿಡುತ್ತಿದ್ದರು. ಅಪ್ಪನ ಪ್ರಶ್ನೆ ಅದರಲ್ಲಿರಲಿಲ್ಲ. ನಾನು ಪ್ರತಿ ಸಲ ಕೇಳುತ್ತಿದ್ದೆ, ಅವರು ಪ್ರತಿ ಸಲ ಕಣ್ಣಲ್ಲೇ ಬೈಯುತ್ತಿದ್ದರು.

ಹೋದ ವರ್ಷ ತಪಾಸಣೆಗೆ ಒಬ್ಬರು ಬೇಕಾಗಿದ್ದರು. ಒಂದೇ ಹುದ್ದೆ, ಏಳು ಜನ. ಆರನೆಯವಳು ಗೋಕುಲ ರಸ್ತೆಯ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದ ಹುಡುಗಿ. ಡಿಪ್ಲೊಮಾ ಮುಗಿಸಿದ್ದಳು, ತಲೆಯ ಮೇಲೆ ದುಪಟ್ಟಾ ಹೊದ್ದಿದ್ದಳು, ಮಡಿಲಲ್ಲಿ ಕಾಗದದ ಫೈಲು.

"ಬರ್ರಿ ತಂಗಿ, ಕೂಡ್ರಿ. ಅಪ್ಪಾರು ಏನ್ ಮಾಡ್ತಾರ?" ಎಂದೆ.

ಬಾಯಿ ತೆರೆದಳು. ಮಾತು ಬರಲಿಲ್ಲ. ಕಣ್ಣು ಮೇಜಿನ ಮೇಲೆ ಒಂದೇ ಕಡೆ ನಿಂತುಬಿಟ್ಟಿತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಜೋರಾಗಿ ಕೇಳಿದೆ. ಇಲ್ಲ. ಆಗ ನನ್ನ ಶಾಣ್ಯಾತನ ಕೆಲಸ ಮಾಡಿತು. ಕನ್ನಡ ಬರಲಿಕ್ಕಿಲ್ಲ ಎಂದುಕೊಂಡು, ಹುಬ್ಬಳ್ಳಿ ಮಾರ್ಕೆಟ್ಟಿನಲ್ಲಿ ಕಲಿತ ನನ್ನ ಹರಕು ಉರ್ದುವಿನಲ್ಲಿ, ನಗುನಗುತ್ತ, "ಅಬ್ಬಾ ಕ್ಯಾ ಕರ್ತೆ?" ಎಂದೆ.

ಆ 'ಅಬ್ಬಾ' ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಹುಡುಗಿಯ ಮುಖ ಮುದುಡಿತು. ಫೈಲನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ನಾನು ಗಾಬರಿಯಾದೆ. "ಏನಾತವಾ? ಅಳಬ್ಯಾಡ, ಅಳಬ್ಯಾಡ, ಅಳೂವಂಥಾದ್ದು ಏನೈತಿ" ಎಂದು ಏಳಲು ಹೋದೆ. ಮೇಡಂ ಮೇಜಿನ ಕೆಳಗೆ ನನ್ನ ಅಂಗಿಯ ತುದಿ ಹಿಡಿದು ಕೂರಿಸಿದರು. ತಮ್ಮ ಪೆನ್ನು ಮುಚ್ಚಿದರು, ಅಂಕದ ಹಾಳೆಯನ್ನು ಬೋರಲು ಹಾಕಿದರು, ನೀರಿನ ಲೋಟವನ್ನು ಅವಳ ಕೈಗೆ ಸಿಗುವಂತೆ ಸರಿಸಿದರು.

"ಅವಸರ ಇಲ್ರಿ. ನಾವು ಸುಮ್ಮನ ಕೂತಿರ್ತೇವಿ" ಎಂದರು. ಖರೇನೇ ಸುಮ್ಮನೆ ಕೂತರು. ಅವಳನ್ನೇ ದಿಟ್ಟಿಸಲೂ ಇಲ್ಲ, ಗಡಿಯಾರ ನೋಡಲೂ ಇಲ್ಲ, ಏನಾಯಿತೆಂದು ಕೆದಕಲೂ ಇಲ್ಲ. ನನ್ನ ಜನ್ಮದಲ್ಲಿ ಅಷ್ಟು ಉದ್ದದ ಎರಡು ನಿಮಿಷ ನಾನು ಕಂಡಿಲ್ಲ. ಹೇಳಬೇಕೆನಿಸಿದ್ದು ಹತ್ತು ಮಾತು, ಹತ್ತನ್ನೂ ನುಂಗಿದೆ.

ಅಳು ತುಸು ತಗ್ಗಿದ ಮೇಲೆ ಮೇಡಂ ಹೇಳಿದರು: "ನಿಮಗ ಹ್ಯಾಂಗ ಅನುಕೂಲ ಹಾಂಗ ಮಾಡೂಣ್ರಿ. ಈಗ ಮುಂದುವರಿಸಬಹುದು. ಸ್ವಲ್ಪ ಹೊರಗ ಕೂತು ಬರಬಹುದು. ಇಲ್ಲಾ, ಬ್ಯಾರೆ ದಿನ ಕರೀತೇವಿ. ಯಾವುದು ಆರಿಸಿದ್ರೂ ಮಾರ್ಕ್ಸಿಗೆ ಧಕ್ಕಿ ಇಲ್ಲ."

"ಹತ್ತು ನಿಮಿಷ ಕೊಡ್ರಿ" ಎಂದು ಎದ್ದು ಹೋದಳು.

ಬಾಗಿಲು ಮುಚ್ಚಿದ್ದೇ ನಾನು, "ಪಾಪ ರೀ, ಈಕೀಗೇ ಕೆಲಸ ಕೊಟ್ಟುಬಿಡೂಣು" ಎಂದೆ.

"ಐದು ನಿಮಿಷದ ಹಿಂದ ಅಳಿಸಿದ್ರಿ, ಈಗ ಭಿಕ್ಷಾ ಹಾಕ್ತೀರಿ" ಎಂದರು ಮೇಡಂ. "ಅತ್ತಾರ ಅಂತ ಕೊಡೂದೂ ಬ್ಯಾಡ, ಅತ್ತಾರ ಅಂತ ಬಿಡೂದೂ ಬ್ಯಾಡ. ಉಳಿದವರಿಗೆ ಕೇಳಿದ್ದನ್ನ ಕೇಳ್ರಿ ಸಾಕು. ಹಗುರಾದ ಪ್ರಶ್ನಿಯಿಂದ ಚಾಲೂ ಮಾಡ್ರಿ."

ಬೈಸಿಕೊಂಡೆ. ಸಿಟ್ಟು ಬರಲಿಲ್ಲ. ಬಂದದ್ದು ನಾಚಿಕೆ.

ಮುಖ ತೊಳೆದುಕೊಂಡು ಬಂದಳು. ಅವಳು ಕೂರುವ ಮೊದಲೇ ನಾನು ಹೇಳಿದೆ: "ತಂಗಿ, ನಾ ಕೇಳಿದ್ದು ಕೆಲಸಕ್ಕ ಸಂಬಂಧ ಇಲ್ಲದ ಪ್ರಶ್ನಿ. ತಪ್ಪು ನಂದು. ಅದಕ್ಕ ಉತ್ತರ ಬ್ಯಾಡ."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. "ಕನ್ನಡ ಬರ್ತದ್ರಿ ಸರ" ಎಂದಳು, ನನಗಿಂತ ಚೆಂದದ ಕನ್ನಡದಲ್ಲಿ. ಮೇಡಂ ಕೆಮ್ಮಿದಂತೆ ಮಾಡಿ ನಗು ಮುಚ್ಚಿಕೊಂಡರು. ಆಮೇಲೆ ಅವಳೇ ಮೆಲ್ಲಗೆ, "ಅಬ್ಬಾ ಗ್ಯಾರೇಜ್ ಇಟ್ಟಿದ್ರು. ತೀರಿಕೊಂಡು ತಿಂಗಳಾತು. ಈಗ ಮನ್ಯಾಗ ಗಳಸಾವ್ರು ಯಾರೂ ಇಲ್ರಿ, ಅದಕ್ಕ ಈ ಕೆಲಸ ನನಗ ಭಾಳ ಬೇಕು. ಅಷ್ಟರಿ. ಇನ್ನ ಕೇಳ್ರಿ" ಎಂದಳು. ನಾವಿಬ್ಬರೂ ತಲೆಯಾಡಿಸಿದೆವು. ನಾನು ಪಟ್ಟಿಯನ್ನು ಕೈಗೆತ್ತಿಕೊಂಡೆ. ಆ ಕೆಲಸ ಅವಳಿಗೆ ಸಿಗಬೇಕೆಂಬ ಭಾರ ಈಗ ನನ್ನ ಎದೆಯ ಮೇಲೂ ಕೂತಿತ್ತು.

ಪಟ್ಟಿಯ ಪ್ರಶ್ನೆಗಳು ಮುಗಿದವು. ಉಳಿದದ್ದು ಕೈಕೆಲಸ. ಮೈಕ್ರೋಮೀಟರ್ ಕೊಟ್ಟು ಉಕ್ಕಿನ ಗೂಟವೊಂದರ ದಪ್ಪ ಅಳೆಯಲು ಹೇಳುತ್ತಿದ್ದೆ. ಪೂರ್ತಿ ಮುಚ್ಚಿದಾಗಲೂ ಸೊನ್ನೆಗೆ ನಿಲ್ಲದ ಮೈಕ್ರೋಮೀಟರನ್ನು ಬೇಕೆಂದೇ ಕೊಡುತ್ತಿದ್ದೆ, ಗಮನಿಸುತ್ತಾರೋ ನೋಡಲಿಕ್ಕೆ. ಸಾಮಾನ್ಯವಾಗಿ ಅಳೆಯುವವರ ಹೆಗಲ ಮೇಲೆ ಬಗ್ಗಿ ನಿಲ್ಲುತ್ತೇನೆ. ಅವಳ ಬೆರಳು ಇನ್ನೂ ನಡುಗುತ್ತಿದ್ದವು. ನಾನು ಕಿಟಕಿಗೆ ಮುಖ ಮಾಡಿ, "ನಿಮಗೆಷ್ಟು ಹೊತ್ತು ಬೇಕೋ ಅಷ್ಟು ತೊಗೋರಿ" ಎಂದೆ. ಮುಂದಿನವನಿಗೂ ಹಾಗೇ ಮಾಡಬೇಕೆಂದು ಆಗಲೇ ನಿರ್ಧರಿಸಿಕೊಂಡೆ.

ಬೆನ್ನ ಹಿಂದೆ ಬಟ್ಟೆಯಿಂದ ಒರೆಸುವ ಸದ್ದು. ಮೈಕ್ರೋಮೀಟರಿನ ತುದಿ ತಿರುಗುವ ಕಟಕಟ ಸದ್ದು. ಅದು ಅವಳ ಕಣ್ಣಿಗೆ ಬೀಳಲಿ ಎಂದು ಮನಸ್ಸಿನಲ್ಲೇ ಕೈಮುಗಿದೆ.

"ಸರ, ಇದು ಸೊನ್ನಿಗೆ ನಿಂದರವಲ್ದು. ಮಿಲಿಮೀಟರಿನ ನೂರು ಪಾಲಿನಾಗ ಎರಡು ಪಾಲು ಹೆಚ್ಚು ತೋರಸ್ತದ. ಗೂಟ ಹನ್ನೆರಡು ಪಾಯಿಂಟ್ ನಾಲ್ಕು ಆರು ಬಂತು. ಆ ಎರಡು ಕಳದು ಹನ್ನೆರಡು ಪಾಯಿಂಟ್ ನಾಲ್ಕು ನಾಲ್ಕು ಹಿಡೀಬೇಕ್ರಿ."

ಏಳು ಜನರಲ್ಲಿ ಅದನ್ನು ಹಿಡಿದವರು ಇಬ್ಬರೇ.

ಸಂಜೆ ಅಂಕ ಕೂಡಿಸುವಾಗ, 'ಒತ್ತಡದಲ್ಲಿ ಕೆಲಸ' ಎಂಬ ಕಲಮಿನ ಮುಂದೆ ನನ್ನ ಪೆನ್ನು ನಿಂತಿತು. "ಇಲ್ಲಿ ಅತ್ತಳು ಅಂತ ಬರೀಬೇಕೇನ್ರಿ?" ಎಂದು ಕೇಳಿದೆ.

"ಬರೀರಿ. ಪಕ್ಕದಾಗ ಅಳಿಸಿದವರ ಹೆಸರೂ ಬರೀರಿ" ಎಂದರು ಮೇಡಂ.

ನಡುಗುವ ಕೈಯಿಂದ ಸರಿಯಾಗಿ ಅಳೆದಳು ಎಂದು ಬರೆದೆ. ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಿ ಕೂಡಿಸಿದೆವು. ಅವಳೇ ಮೇಲಿದ್ದಳು, ಮೂರು ಅಂಕದಿಂದ. ನನ್ನ ಕರುಣೆಯ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.

ಫೋನು ಮಾಡಿ ತಿಳಿಸುವುದು ಮೇಡಂ ಕೆಲಸ. ಆ ಸಲ ಕಾಡಿ ಬೇಡಿ ನಾನೇ ಮಾಡಿದೆ. ಆಯ್ಕೆಯಾಗಿದ್ದೀರಿ, ಸೋಮವಾರ ಬರ್ರಿ ಎಂದು ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ. 'ಹಲೋ' ಎನ್ನಲು ನಾಲಿಗೆ ತುದಿಗೆ ಬಂತು, ಹಲ್ಲು ಕಚ್ಚಿ ಸುಮ್ಮನಿದ್ದೆ. ದೂರದಲ್ಲಿ ಏನೋ ಪಿಸುಮಾತು, ಪಾತ್ರೆ ಬಿದ್ದ ಸದ್ದು.

ಕೊನೆಗೆ ಅವಳ ದನಿ ಬಂತು. "ಸರ, ನಾ ಅಳವಲ್ಲೆರಿ. ಅಮ್ಮಿ ಅಳಾಕತ್ತಾಳ. ಒಂಚೂರು ತಡೀತೀರೇನ್ರಿ?"

"ತಡೀತೇನವಾ" ಎಂದೆ. "ಎಷ್ಟೊತ್ತು ಬೇಕೋ ಅಷ್ಟೊತ್ತು ಅಳ್ಲಿ."