ಗ್ಯಾಲರಿಗೆ ತಾನಾಗಿ ಬಂದು ಕೂತ ಫೋಟೋ

ನಾಸಿಕ್‌ನಲ್ಲಿ ನಮ್ಮ ಕನ್ನಡದ ಹೆಂಗಸರು ಗುರುವಾರ ಮಧ್ಯಾಹ್ನ ಭಜನೆಗೆ ಸೇರುತ್ತೇವೆ. ನಾನು ಹೆಚ್ಚು ಮಾತಾಡುವವಳಲ್ಲ. ಗೋಡೆಯ ಪಕ್ಕ ಕೂತು ತಾಳ ಹಾಕುವುದಷ್ಟೇ ನನ್ನ ಕೆಲಸ. ಆ ಗುರುವಾರ ಮಾತ್ರ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಹಿಂದಿನ ವಾರ ಎಲ್ಲರೂ ಜೀಪು ಹಿಡಿದು ತ್ರ್ಯಂಬಕೇಶ್ವರಕ್ಕೆ ಹೋಗಿದ್ದೆವು. ಫೋಟೋ ತೆಗೆದವಳು ನಾನು. ಅದನ್ನು ನೋಡಬೇಕೆಂದು ಕೇಳಿದರು. ಗ್ಯಾಲರಿ ತೆಗೆದು, ಗುಡಿಯ ಮುಂದೆ ಎಲ್ಲರೂ ನಿಂತ ಫೋಟೋ ಹುಡುಕಿ, ವಿಮಾನದ ಕಾರ್ಖಾನೆಯ ಎಂಜಿನಿಯರರ ಹೆಂಡತಿಯೊಬ್ಬರ ಕೈಗೆ ಫೋನ್ ಕೊಟ್ಟೆ.

ಅವರು ಬೆರಳನ್ನು ಆ ಕಡೆ ಸರಿಸುವ ಬದಲು ಈ ಕಡೆ ಸರಿಸಿದರು. ಗುಡಿ ಹೋಗಿ ಯಾರೋ ಕಳಿಸಿದ ಶುಭೋದಯದ ಗಣಪತಿ ಬಂದ. ಗಣಪತಿ ಹೋಗಿ ಗುಲಾಬಿ ಹೂವು ಇಟ್ಟ ಚಹಾದ ಕಪ್ಪು ಬಂತು. ಹೀಗೆ ವಾರದ್ದನ್ನೆಲ್ಲ ಸರಿಸಿದ ಮೇಲೆ ಒಂದು ಕರಿ ಫೋಟೋ, ನಡುವೆ ಬಿಳಿ ಮಸುಕು. ಅವರು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ನಾನು ಫೋನ್ ಕಸಿದುಕೊಂಡು, ಚಾರ್ಜ್ ಮುಗಿಯಿತು ಅಂದೆ. ಅದು ಸುಳ್ಳೆಂದು ಎಲ್ಲರಿಗೂ ತಿಳಿಯಿತು. ಅಜ್ಜಿಗೆ ಯಾರೋ ಗುಟ್ಟಿನ ಫೋಟೋ ಕಳಿಸ್ಯಾರ ನೋಡ್ರಿ ಎಂದು ಒಬ್ಬರು ಅಂದರು, ಉಳಿದವರು ನಕ್ಕರು. ನಾನು ಫೋನನ್ನು ಸೆರಗಿನಡಿ ಇಟ್ಟು ತಾಳ ಹಿಡಿದೆ.

ಗುಟ್ಟಿನದೇ ಆಗಿತ್ತು ಅದು. ಸಂಭಾಜಿನಗರದಲ್ಲಿ, ಅಂದರೆ ಮೊದಲಿನ ಔರಂಗಾಬಾದಿನಲ್ಲಿ, ಇರುವ ನನ್ನ ಮಗಳು ಅವತ್ತು ಬೆಳಿಗ್ಗೆ ತನ್ನ ಹೊಟ್ಟೆಯ ಕೂಸಿನ ಸೋನೋಗ್ರಫಿಯ ಫೋಟೋ ಕಳಿಸಿದ್ದಳು. ಅದಕ್ಕೂ ಹಿಂದಿನ ವರ್ಷ ಒಂದು ಸಲ ಬಸಿರಾಗಿ, ಸಂತೋಷಕ್ಕೆ ಎಲ್ಲರಿಗೂ ಹೇಳಿ, ಆಮೇಲೆ ಅದು ನಿಲ್ಲದೇ ಹೋದಾಗ ಒಬ್ಬೊಬ್ಬರಿಗೂ ಮತ್ತೆ ಹೇಳಬೇಕಾಗಿ ಬಂದಿತ್ತು. ಸಮಾಧಾನ ಹೇಳುವವರ ಫೋನುಗಳಿಗೇ ಅವಳು ಬೇಸತ್ತು ಹೋಗಿದ್ದಳು. ಹಾಗಾಗಿ ಈ ಸಲ ಮೂರು ತಿಂಗಳು ತುಂಬುವ ತನಕ ತಾನು, ತನ್ನ ಗಂಡ, ನಾನು, ಇಷ್ಟೇ ಜನಕ್ಕೆ ಗೊತ್ತಿರಬೇಕು ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು.

"ಅಣ್ಣಗೂ ಹೇಳಬ್ಯಾಡವ್ವಾ. ನಮ್ಮತ್ತಿಗಂತೂ ಬಾಯಿ ಬಿಡಬ್ಯಾಡ. ಇನ್ನೊಮ್ಮೆ ಅವರ ಮುಂದ ಅಳೂದು ನನಗ ಆಗಂಗಿಲ್ಲ."

ಅವಳ ಅತ್ತೆ, ಅಂದರೆ ನನ್ನ ಬೀಗತಿ, ಇರುವುದು ಕಲಬುರ್ಗಿಯಲ್ಲಿ ಹಿರಿಮಗನ ಮನೆಯಲ್ಲಿ. ಆ ಶನಿವಾರವೇ ತ್ರ್ಯಂಬಕೇಶ್ವರದಲ್ಲಿ ಪೂಜೆ ಮಾಡಿಸಲು ನಮ್ಮ ಮನೆಗೆ ಬರುವವರಿದ್ದರು. ಒಳ್ಳೆಯ ಹೆಂಗಸು, ಆದರೆ ಬಂದ ಕೂಡಲೇ ಚಹಾ ಕುಡಿಯುತ್ತ ನನ್ನ ಫೋನ್ ಈಸಿಕೊಂಡು ಫೋಟೋ ನೋಡುವುದು ಅವರ ರೂಢಿ. ಕೊಡುವುದಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗಿಂತ ಮೊದಲು ನೀವಿಬ್ಬರು ಇದ್ದಿರಿ, ನನ್ನ ಮಗನ ಮಕ್ಕಳು. ಶಾಲೆಯಿಂದ ಬಂದವರೇ ಆಜಿ ಫೋನ್ ದೇ ಎಂದು ಮರಾಠಿಯಲ್ಲಿ ಕೈ ಚಾಚುತ್ತಿದ್ದಿರಿ. ಆ ಎರಡು ದಿನ ನಾನು ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಾಡಿದ್ದು ಏಕೆಂದು ಈಗ ನಿಮ್ಮ ಅಪ್ಪ ಇದನ್ನು ಓದಿ ಹೇಳುವಾಗ ತಿಳಿಯಲಿ.

ನನ್ನ ಗೊಂದಲ ಏನೆಂದರೆ, ಆ ಫೋಟೋವನ್ನು ನಾನು ಗ್ಯಾಲರಿಯಲ್ಲಿ ಇಟ್ಟಿರಲೇ ಇಲ್ಲ. ವಾಟ್ಸಾಪಿನಲ್ಲಿ ನೋಡಿದ್ದೆ, ಕಣ್ಣಿಗೆ ಒತ್ತಿಕೊಂಡಿದ್ದೆ, ಮುಚ್ಚಿದ್ದೆ. ವಾಟ್ಸಾಪ್ ಎಂದರೆ ಅಂಚೆಯವನು, ಗ್ಯಾಲರಿ ಎಂದರೆ ನನ್ನ ಟ್ರಂಕು ಎಂದು ನಾನು ತಿಳಿದಿದ್ದೆ. ಅಂಚೆಯವನು ಕೊಟ್ಟಿದ್ದನ್ನು ನಾನಾಗಿ ಟ್ರಂಕಿನಲ್ಲಿ ಇಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಈಗ ಕೂತು ನೋಡಿದರೆ ಟ್ರಂಕಿನ ತುಂಬ ಅಂಚೆಯವನದೇ ಸಾಮಾನು. ಭಜನೆಯ ಗುಂಪಿನ ದಿನದಿನದ ದೇವರು, ಯಾರದೋ ಮೊಮ್ಮಗನ ಕುಣಿತದ ವಿಡಿಯೋ, ಗುರುತಿಲ್ಲದವರ ಶ್ರದ್ಧಾಂಜಲಿ, ಮಂಡಿನೋವಿಗೆ ಮೆಂತ್ಯೆಯ ಮದ್ದು. ಎಲ್ಲವೂ ತಾವಾಗಿಯೇ ಬಂದು ಕೂತಿದ್ದವು.

ಮಗನನ್ನು ಕೇಳುವ ಹಾಗಿರಲಿಲ್ಲ, ಕೇಳಿದರೆ ಫೋನ್ ಅವನ ಕೈಗೆ ಕೊಡಬೇಕು. ಒಣಗಿದ ಬಟ್ಟೆ ತರುವ ನೆವದಲ್ಲಿ ಮಾಳಿಗೆಗೆ ಹೋಗಿ ಮಗಳಿಗೆ ಫೋನ್ ಮಾಡಿದೆ. ಅವಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಫೋಟೋ ಹಾಗೆ ತಾನಾಗಿ ಗ್ಯಾಲರಿಗೆ ಹೋಗದಂತೆ ಮಾಡಬಹುದು, ತಾನು ಹೇಳಿದ ಹಾಗೆ ಒತ್ತುತ್ತ ಹೋಗು ಅಂದಳು. ಆದರೆ ಫೋನ್ ಕಿವಿಯ ಬಳಿ ಇದ್ದರೆ ಅಕ್ಷರ ಕಾಣುವುದಿಲ್ಲ, ಕಣ್ಣ ಮುಂದೆ ಹಿಡಿದರೆ ಮಾತು ಕೇಳುವುದಿಲ್ಲ. ಸ್ಪೀಕರ್ ಹಾಕಿದರೆ ಪಕ್ಕದಲ್ಲೇ ಹಪ್ಪಳ ಒಣಗಿಸುತ್ತಿದ್ದ ನೆರೆಮನೆಯ ಮರಾಠಿ ಹೆಂಗಸಿಗೆ ಎಲ್ಲ ಕೇಳುತ್ತದೆ. ಅವರಿಗೆ ಕನ್ನಡ ಬಾರದು ಎಂಬುದು ನನಗೆ ಹೊಳೆಯಲು ಬಹಳ ಹೊತ್ತು ಬೇಕಾಯಿತು.

ನಾನು ಓದಿದ್ದು ಊರ ಶಾಲೆಯಲ್ಲಿ. ಇಂಗ್ಲಿಷ್ ಅಕ್ಷರ ಬರುತ್ತವೆ, ಒಂದೊಂದಾಗಿ ಕೂಡಿಸಿ ಓದುತ್ತೇನೆ, ಅರ್ಥ ಆಗುವುದಿಲ್ಲ. ಮೀಡಿಯಾ ಎಂದು ಬರೆದಿದ್ದು ನೋಡು ಎಂದಳು. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬ ಕಡೆ ಹೊಕ್ಕೆ, ಅಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಎಂದು ಇತ್ತು, ಅದೇ ಇರಬೇಕೆಂದು ಒಳಗಿನ ಟಿಕ್ಕುಗಳನ್ನೆಲ್ಲ ತೆಗೆದೆ. ಆಯಿತು ಎಂದು ಹೇಳಿ ಕೆಳಗೆ ಇಳಿದೆ.

ಮರುದಿನ ಬೆಳಿಗ್ಗೆ ಗುಂಪಿನ ದೇವರೆಲ್ಲ ಮಸುಕಾಗಿ ಬಂದರು. ಮೇಲೊಂದು ಕೆಳಮುಖದ ಬಾಣ. ಕನ್ನಡಕ ಒರೆಸಿಕೊಂಡೆ. ಕಣ್ಣಿನ ಪೊರೆ ಬಂತೇನೋ ಎಂದು ಹೆದರಿ ಕ್ಯಾಲೆಂಡರ್ ನೋಡಿದೆ, ಅದು ನೆಟ್ಟಗೆ ಕಂಡಿತು. ಬಾಣವನ್ನು ಒತ್ತಿದರೆ ದೇವರು ಸ್ಪಷ್ಟವಾದ. ಗ್ಯಾಲರಿ ತೆಗೆದು ನೋಡಿದರೆ ಅಲ್ಲಿಯೂ ಕೂತಿದ್ದ. ಮತ್ತೆ ಮಾಳಿಗೆ, ಮತ್ತೆ ಫೋನು. ಮಗಳು ಈಗ ನಕ್ಕಳು. ನಾನು ಮುಚ್ಚಿದ್ದು ಬೇರೆ ಬಾಗಿಲಂತೆ. ಅದರಿಂದ ಫೋಟೋ ತಾನಾಗಿ ಇಳಿಯುವುದು ಮಾತ್ರ ನಿಲ್ಲುತ್ತದೆ. ನಾನು ಒತ್ತಿ ಇಳಿಸಿದ್ದು ಮತ್ತೆ ಗ್ಯಾಲರಿಗೆ ಹೋಗಿಯೇ ಹೋಗುತ್ತದೆ. ಮುಚ್ಚಬೇಕಾದ್ದು ಇನ್ನೊಂದು ಮೀಡಿಯಾ. ಮೇಲಿನ ಮೂರು ಚುಕ್ಕೆ, ಸೆಟ್ಟಿಂಗ್ಸ್, ಅದರೊಳಗೆ ಚಾಟ್ಸ್, ಅಲ್ಲಿ ಮೀಡಿಯಾ ವಿಸಿಬಿಲಿಟಿ. ಒಂದೊಂದು ಅಕ್ಷರ ನಾನು ಓದಿ ಹೇಳಿದೆ, ಅವಳು ಹೂಂ ಹೂಂ ಅಂದಳು. ಗುಂಡಿ ಒತ್ತಿದೆ, ಹಸಿರು ಹೋಗಿ ಬೂದು ಬಣ್ಣವಾಯಿತು.

ಪರೀಕ್ಷೆಗೆಂದು ಅವಳು ತನ್ನ ಊಟದ ತಟ್ಟೆಯ ಫೋಟೋ ಕಳಿಸಿದಳು. ಬಾಣ ಒತ್ತಿದೆ, ರೊಟ್ಟಿ, ಬದನೆಕಾಯಿ ಪಲ್ಯ ಕಂಡವು. ಗ್ಯಾಲರಿಯಲ್ಲಿ ರೊಟ್ಟಿ ಇರಲಿಲ್ಲ. ನನಗಾದ ಸಂತೋಷ ಹೇಳಲಾರೆ. ಆದರೆ ಕರಿ ಫೋಟೋ ಅಲ್ಲಿಯೇ ಇತ್ತು. ಕೇಳಿದರೆ, ಗುಂಡಿ ಮುಂದೆ ಬರುವುದಕ್ಕೆ ಮಾತ್ರ, ಹಳೆಯದನ್ನು ಕೈಯಿಂದಲೇ ತೆಗೆಯಬೇಕು ಅಂದಳು.

ಹೇಗೆ ತೆಗೆಯುವುದೆಂದು ಹೇಳಿಕೊಟ್ಟಳು. ಒಂದನ್ನು ಒತ್ತಿ ಹಿಡಿ, ಟಿಕ್ ಬರುತ್ತದೆ, ಉಳಿದವನ್ನು ಮುಟ್ಟುತ್ತ ಹೋಗು, ಕೆಳಗೆ ಕಸದ ಡಬ್ಬಿಯ ಚಿತ್ರವಿದೆ, ಅದನ್ನು ಒತ್ತು. ಚಹಾದ ಕಪ್ಪುಗಳು ಸಲೀಸಾಗಿ ಹೋದವು. ದೇವರ ಹತ್ತಿರ ಕೈ ನಿಂತಿತು. ಮನೆಯಲ್ಲಿ ಹರಿದ ದೇವರ ಪಟವನ್ನು ನಾವು ಕಸಕ್ಕೆ ಹಾಕುವುದಿಲ್ಲ, ನೀರಿಗೆ ಬಿಡುತ್ತೇವೆ. ಅದನ್ನು ಹೇಳಿದರೆ ಮಗಳು, "ಗಂಗಿಗೆ ಬಿಡಬೇಕಂದ್ರ ಫೋನ್ ಸಹಿತ ಬಿಡಬೇಕಾಗತೈತಿ, ನೋಡವ್ವಾ" ಅಂದಳು. ಕೈಮುಗಿದು ಒತ್ತಿದೆ.

ಕೊನೆಗೆ ಉಳಿದಿದ್ದು ಅದೊಂದೇ. ಹುಟ್ಟದ ಕೂಸಿನ ಮೊದಲನೆಯ ಫೋಟೋ, ಕೆಳಗೆ ಕಸದ ಡಬ್ಬಿ. ಒಂದು ಸಲ ಹೋಗಿದೆ. ಈಗ ನನ್ನ ಕೈಯಾರೆ ಇದನ್ನು ಡಬ್ಬಿಗೆ ಹಾಕಬೇಕೆ? ನನಗೆ ಆಗುವುದಿಲ್ಲ ಅಂದೆ. ಬರೀ ಫೋಟೋ ಅದು ಎಂದು ಅವಳು ಅನ್ನಲಿಲ್ಲ. ಅನ್ನಬಹುದಿತ್ತು.

"ಅದನ್ನ ತಗದರ ವಾಟ್ಸಾಪ್‌ನಾಗಿಂದೂ ಹೋಗತೈತಿ ಅವ್ವಾ, ಎರಡೂ ಕಡೆ ಕಾಣೂದು ಒಂದ ಫೋಟೋ" ಅಂದಳು. "ತಡಿ. ಮೊದಲ ಇನ್ನೊಂದು ಕಳಸ್ತೀನಿ."

ಸೋನೋಗ್ರಫಿಯ ಕಾಗದವನ್ನು ಹೊಸದಾಗಿ ಫೋಟೋ ತೆಗೆದು ಕಳಿಸಿದಳು. ಮೂಲೆಯಲ್ಲಿ ಅವಳ ಹೆಬ್ಬೆರಳು ಬಂದಿತ್ತು. ಅದು ವಾಟ್ಸಾಪಿನಲ್ಲಿ ನೆಟ್ಟಗೆ ಕೂತಿದೆ, ಗ್ಯಾಲರಿಗೆ ಬಂದಿಲ್ಲ ಎಂದು ಎರಡೆರಡು ಸಲ ನೋಡಿದೆ. ಕೂಸು ಬೇರೆ ಮನೆಗೆ ಹೋಗಿ ಸೇರಿದೆ, ಇಲ್ಲಿರುವುದು ಖಾಲಿ ತೊಟ್ಟಿಲು ಎಂದು ನನಗೆ ನಾನೇ ಹೇಳಿಕೊಂಡು ಡಬ್ಬಿ ಒತ್ತಿದೆ. ಅಷ್ಟಕ್ಕೇ ಮುಗಿಯಲಿಲ್ಲ. ತೆಗೆದದ್ದೆಲ್ಲ ಕೆಲವು ದಿನ ಗ್ಯಾಲರಿಯ ಕಸದ ಡಬ್ಬಿಯಲ್ಲಿಯೇ ಇರುತ್ತದಂತೆ. ಅಲ್ಲಿಗೂ ಹೋಗಿ ಬರಿದು ಮಾಡಿದೆ. ಮುಟ್ಟಿದ್ದು ಸರಿಯೋ ತಪ್ಪೋ ಎಂದು ಅನ್ನದ ಕುಕ್ಕರ್ ಇಡುವಾಗಲೂ ಯೋಚಿಸುತ್ತಿದ್ದೆ.

ಶನಿವಾರ ಬೀಗತಿ ಬಂದರು. ತ್ರ್ಯಂಬಕೇಶ್ವರದ ಪೂಜೆ ಮುಗಿಸಿ ಮನೆಗೆ ಬಂದು ಚಹಾ ಹಿಡಿದು ಕೂತವರೇ ಕೈ ಚಾಚಿದರು. ನಾನು ಫೋನ್ ಕೊಟ್ಟೆ. ಮೇಲೆ ಕೆಳಗೆ ಸರಿಸಿ ನೋಡಿದರು. ಗುಡಿ, ನೀವಿಬ್ಬರು, ನಮ್ಮ ಮನೆಯ ತುಳಸಿ. ಏನ್ರಿ, ಫೋನ್ ಗುಡಿಸಿ ಸಾರಿಸಿದಂಗ ಇಟ್ಟೀರಿ ಎಂದರು. ನನ್ನ ಎದೆ ಹಗುರವಾಯಿತು.

ನನ್ನದರಲ್ಲಿ ನೋಡಲು ಏನೂ ಇಲ್ಲವೆಂದು ತಮ್ಮ ಫೋನ್ ತೆಗೆದರು. ಕಲಬುರ್ಗಿಯ ಮೊಮ್ಮಗಳ ಹುಟ್ಟುಹಬ್ಬದ ಕೇಕು ತೋರಿಸಬೇಕಿತ್ತು. ಗ್ಯಾಲರಿ ತೆಗೆದು ಸರಿಸುತ್ತ ಹೋದರು. ಕೇಕು ಬರುವ ಮೊದಲೇ ಒಂದು ಕರಿ ಫೋಟೋ ಬಂತು. ಅದೇ ಬಿಳಿ ಮಸುಕು. ಹೆಬ್ಬೆರಳು ಇರಲಿಲ್ಲ.

ಅವರು ಫೋನನ್ನು ಮಡಿಲಲ್ಲಿ ಬೋರಲು ಹಾಕಿದರು. ಚಹಾದ ಲೋಟ ನೋಡುತ್ತ, "ನನ್ನ ಮೊಣಕಾಲಿಂದ್ರಿ ಅದು. ಎಕ್ಸರೇ" ಅಂದರು.

"ಹೌದ್ರಿ ಅಕ್ಕಾರ, ಮೊಣಕಾಲು ಹಂಗ ಕಾಣತಾವ" ಅಂದೆ.

ಇಬ್ಬರೂ ಚಹಾ ಕುಡಿದೆವು. ನನ್ನ ತಲೆಯೊಳಗೆ ಮಾತ್ರ ಗಿರಣಿ ತಿರುಗುತ್ತಿತ್ತು. ಅಳಿಯ ತನ್ನ ತಾಯಿಗೆ ಕಳಿಸಿದ್ದಾನೆ. ಯಾರಿಗೂ ಹೇಳಬೇಡವೆಂದೂ ಹೇಳಿರಬೇಕು. ಮಗಳಿಗೆ ತಾಯಿ ಹೇಗೋ ಮಗನಿಗೂ ಹಾಗೆಯೇ ಅಲ್ಲವೇ? ಆದರೆ ಮಗಳಿಗೆ ಗೊತ್ತಾದರೆ? ನನಗೆ ಗೊತ್ತಾಯಿತೆಂದು ಇವರಿಗೆ ಗೊತ್ತಾಯಿತೇ? ಯಾರಿಗೆ ಏನು ಗೊತ್ತು ಎಂಬ ಲೆಕ್ಕವೇ ತಪ್ಪಿಹೋಯಿತು. ಅದಕ್ಕಿಂತ ದೊಡ್ಡ ಚಿಂತೆ, ನಾಳೆ ಇವರು ಇದೇ ಫೋನ್ ಹಿಡಿದು ಸಂಭಾಜಿನಗರಕ್ಕೆ, ಮಗಳ ಮನೆಗೇ ಹೋಗುವವರು.

ನಾನು ಯಾರಿಗೂ ಏನನ್ನೂ ಕಲಿಸಿದವಳಲ್ಲ. ಅವತ್ತು ಅದೆಲ್ಲಿಂದ ಧೈರ್ಯ ಬಂತೋ. ವಾಟ್ಸಾಪಿಗೆ ಬಂದದ್ದೆಲ್ಲ ತಾನೇ ಗ್ಯಾಲರಿಯಲ್ಲಿ ಕೂತು ಜಾಗ ತಿನ್ನುತ್ತದೆ, ಅದನ್ನು ನಿಲ್ಲಿಸಿ ಕೊಡುತ್ತೇನೆ, ಕೊಡಿರಿ ಎಂದೆ. ಅವರು ಕೊಡಲಿಲ್ಲ. ತಮ್ಮ ಕೈಯಲ್ಲೇ ಹಿಡಿದು, ಹೇಳ್ರಿ, ನಾನ ಒತ್ತತೀನಿ ಅಂದರು. ನಾನು ಬೇರೆ ಕಡೆ ಮುಖ ಮಾಡಿ ಹೇಳಿದೆ. ಮೂರು ಚುಕ್ಕೆ, ಸೆಟ್ಟಿಂಗ್ಸ್, ಚಾಟ್ಸ್. ಗುಂಡಿ ಬೂದು ಬಣ್ಣವಾಯಿತು ಅಂದರು. ಆಮೇಲೆ ಮೆಲ್ಲಗೆ ಕೇಳಿದರು, ಹಳೇವು? ಅವನ್ನು ನೀವೇ ತೆಗೆಯಬೇಕು ಎಂದು ಹೇಳಿ, ಇಟ್ಟುಕೊಳ್ಳಬೇಕಾದ್ದನ್ನು ಮೊದಲು ಇನ್ನೊಮ್ಮೆ ತರಿಸಿಕೊಳ್ಳಿರಿ ಎಂದೆ. ಮೊಣಕಾಲಿನ ಎಕ್ಸರೇಯನ್ನು ಯಾರು ಇನ್ನೊಮ್ಮೆ ತರಿಸಿಕೊಳ್ಳುತ್ತಾರೆ ಎಂದು ಅವರೂ ಕೇಳಲಿಲ್ಲ. ಫೋನ್ ಹಿಡಿದು ಬಾಲ್ಕನಿಗೆ ಹೋದರು. ಯಾರೊಂದಿಗೋ ಪಿಸುಮಾತಾಡುವುದು ಕೇಳಿಸಿತು.

ಮೂರು ತಿಂಗಳು ತುಂಬಿದ ದಿನ ಮಗಳು ಎಲ್ಲರಿಗೂ ಹೇಳಿದಳು. ಆಮೇಲೆ ನನಗೆ ಫೋನ್ ಮಾಡಿ, ಅತ್ತೆಗೆ ಎಷ್ಟು ಆಶ್ಚರ್ಯವಾಯಿತೆಂದರೆ ಅತ್ತುಬಿಟ್ಟರು, ಪಾಪ, ಅವರಿಗೆ ಇಷ್ಟು ದಿನ ಹೇಳದೆ ಇದ್ದದ್ದು ತಪ್ಪಾಯಿತೇನೋ ಅಂದಳು. ಆ ಫೋಟೋದಲ್ಲಿದ್ದವಳು ಈಗ ಸಂಭಾಜಿನಗರದಲ್ಲಿ ಗೋಡೆ ಹಿಡಿದು ನಡೆಯುತ್ತಾಳೆ, ನಾಳೆ ಅವಳಿಗೂ ಯಾರಾದರೂ ಇದನ್ನು ಓದಿ ಹೇಳಬಹುದು. ಅವತ್ತು ಮಗಳಿಗೆ ನಾನು, ಹೌದೇನವ್ವಾ, ಅತ್ತರೇನು, ಎಂದಷ್ಟೇ ಅಂದೆ.