ಶರಣಮ್ಮನವರ ತಾತ್ಸಾರ ಮತ್ತು ಕಾಯುವ ಹೊತ್ತಿನ ಲೆಕ್ಕ

ಶರಣಮ್ಮನವರಿಗೆ ಮೆಚ್ಚುಗೆಯಾದ ಮನುಷ್ಯರನ್ನು ಎಣಿಸಲು ಒಂದು ಕೈಯ ಬೆರಳು ಸಾಕಾಗುತ್ತಿತ್ತು. ಅವರಲ್ಲೂ ಇಬ್ಬರು ಆಗಲೇ ತೀರಿಕೊಂಡಿದ್ದರು. ಉಳಿದವರೆಲ್ಲ ಅವರ ಕಣ್ಣಿಗೆ ಅಷ್ಟಕ್ಕಷ್ಟೆ. ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬ ಊರಿನ ಮನೆಯಿಂದ ಹೊರಟು ವಿಶ್ವವಿದ್ಯಾಲಯದಲ್ಲಿ ಕಾರು ನಿಲ್ಲಿಸುವ ಹೊತ್ತಿಗೆ ಮೂರ್ನಾಲ್ಕು ಜನರನ್ನಾದರೂ ಮನಸ್ಸಿನಲ್ಲಿ ತೆಗೆದುಹಾಕಿರುತ್ತಿದ್ದರು: ಇಂಡಿಕೇಟರ್ ಹಾಕದೆ ತಿರುಗಿದವನು, ರೇಡಿಯೋದಲ್ಲಿ ಸರಾಸರಿ ಎಂಬ ಶಬ್ದವನ್ನು ತಪ್ಪಾಗಿ ಬಳಸಿದ ಮಂತ್ರಿ, ಕಾರಿಡಾರಿನಲ್ಲಿ ಕಾಫಿ ಲೋಟ ಹಿಡಿದು ನಗುತ್ತ ನಿಂತ ಸಹೋದ್ಯೋಗಿ.

ಅವರು ಸೇಡಂ ಕಡೆಯವರು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಮೊದಲ ಸ್ಥಾನ ಪಡೆದಿದ್ದರು. ಅರಿವಳಿಕೆ ವೈದ್ಯರಾದ ಶಿವಪ್ಪನವರನ್ನು ಮದುವೆಯಾಗಿ ಇಂಗ್ಲೆಂಡಿಗೆ ಬಂದಾಗ ಡಾಕ್ಟರರ ಹೆಂಡಂದಿರ ಗುಂಪಿನಲ್ಲಿ ಅವರನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನೀವು ಮನೇಲೇ ಇರ್ತೀರಾ, ಇಲ್ಲಾ ಏನಾದ್ರೂ ಟ್ಯೂಷನ್ ಹೇಳ್ಕೊಡ್ತೀರಾ?" ಆ ಪ್ರಶ್ನೆ ಕೇಳಿದ ಒಬ್ಬೊಬ್ಬರ ಮುಖವೂ ಅವರಿಗೆ ಇಂದಿಗೂ ನೆನಪಿದೆ. ಪಿಎಚ್‌ಡಿ ಮುಗಿಸಿ ಕೆಲಸಕ್ಕೆ ಹೋದರೆ, ಸಂದರ್ಶನಕ್ಕೆ ಕೂತಿದ್ದವರು ಅವರ ಇಂಗ್ಲಿಷ್ ಉಚ್ಚಾರದ ಬಗ್ಗೆ ಬಹಳ ಕಾಳಜಿ ತೋರಿಸಿದ್ದರು. ಹೀಗೆ ಮೊದಲು ಲೋಕ ಅವರನ್ನು ಕೀಳಾಗಿ ಕಂಡಿತು. ಆಮೇಲೆ ಅವರು ಲೋಕಕ್ಕೆ ಅದನ್ನು ಬಡ್ಡಿ ಸಮೇತ ಹಿಂದಿರುಗಿಸಿದರು. ಲೋಕಕ್ಕೆ ನೆನಪಿರುವುದು ಅವರು ಹಿಂದಿರುಗಿಸಿದ್ದು ಮಾತ್ರ. ವಿದ್ಯಾರ್ಥಿಗಳಿಗಂತೂ ಮೊದಲಿನ ಕಥೆ ಗೊತ್ತೇ ಇಲ್ಲ.

ಎರಡನೆಯ ವರ್ಷದವರಿಗೆ ಸಂಭವನೀಯತೆ ಕಲಿಸುವುದು ಅವರ ಕೆಲಸ. ಸ್ಲೈಡುಗಳೆಂದರೆ ಅವರಿಗೆ ಆಗದು. ಕ್ಯಾಮೆರಾದ ಕೆಳಗೆ ಬಿಳಿ ಹಾಳೆ ಇಟ್ಟು, ಕಪ್ಪು ಪೆನ್ನಿನಿಂದ ಒಂದೊಂದೇ ಸಾಲು ಬರೆಯುತ್ತಿದ್ದರು. ಅದು ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಬರೆಯುತ್ತ ಬರೆಯುತ್ತ ತಲೆಯೆತ್ತಿ ಸಭಾಂಗಣವನ್ನು ಒಮ್ಮೆ ನೋಡುವರು. ಸಂತೆಯಲ್ಲಿ ಬಾಡಿದ ಸೊಪ್ಪನ್ನು ನೋಡುವ ನೋಟ ಅದು.

ಆ ವರ್ಷ ಪ್ವಾಸಾನ್ ಪ್ರಕ್ರಿಯೆಯ ಮನೆಗೆಲಸ ಕೊಟ್ಟಿದ್ದರು. ಗ್ರಂಥಾಲಯದ ಸಹಾಯದ ಮೇಜಿಗೆ ಗಂಟೆಗೆ ಸರಾಸರಿ ಆರು ಜನ ಬರುತ್ತಾರೆ. ಯಾರು ಯಾವಾಗ ಬರುತ್ತಾರೆಂಬುದಕ್ಕೆ ನಿಯಮವಿಲ್ಲ. ಒಬ್ಬರು ಬಂದದ್ದಕ್ಕೂ ಇನ್ನೊಬ್ಬರು ಬರುವುದಕ್ಕೂ ಸಂಬಂಧವಿಲ್ಲ. ಹಾಗಿದ್ದರೆ ಮುಂದಿನವರು ಬರಲು ಕಾಲು ಗಂಟೆಗಿಂತ ಹೆಚ್ಚು ಕಾಯಬೇಕಾಗುವ ಸಂಭವ ಎಷ್ಟು?

ಉತ್ತರಗಳು ಬಂದವು. ಎಲ್ಲ ಟೈಪ್ ಮಾಡಿದವು, ಎಲ್ಲ ಚೊಕ್ಕಟ. ಶರಣಮ್ಮ ತರಗತಿಯಲ್ಲಿ ದರಕ್ಕೆ ಬಳಸಿದ ಅಕ್ಷರ ಲ್ಯಾಮ್ಡಾ. ಹದಿನಾಲ್ಕು ಉತ್ತರಗಳಲ್ಲಿ ಅದರ ಜಾಗದಲ್ಲಿ ಥೀಟಾ ಇತ್ತು. ಒಂದು ಸಾಲಿನಲ್ಲಿ ಮುಗಿಯುವುದಕ್ಕೆ ಒಂದು ಪುಟ ಅನುಕಲನದ ಲೆಕ್ಕ, ಹದಿನಾಲ್ಕರಲ್ಲೂ ಕೊನೆಗೆ "ಈ ಫಲಿತಾಂಶ ಸಹಜ ಅರಿವಿಗೆ ಹೊಂದುತ್ತದೆ" ಎಂಬ ಅದೇ ವಾಕ್ಯ.

"ಯಾರ ಸಹಜ ಅರಿವು?" ಎಂದು ಶರಣಮ್ಮ ಖಾಲಿ ಕೋಣೆಯಲ್ಲಿ ಕೇಳಿದರು. ಹದಿನಾಲ್ಕೂ ಉತ್ತರಗಳನ್ನು ಒಂದೇ ಕಡೆಯ ನಕಲೆಂದು ಶಿಸ್ತು ಸಮಿತಿಗೆ ಕಳಿಸಿದರು.

ಸಮಿತಿಯ ಅಧ್ಯಕ್ಷೆ ಹೆಲೆನ್ ಪ್ರಾಟ್ ವ್ಯವಹಾರಾಡಳಿತ ವಿಭಾಗದಾಕೆ. ಗಣಿತ ಎಂದರೆ ಮಕ್ಕಳ ಹಾಗೆ ನಕ್ಕು, "ನನಗದು ಒಂಚೂರೂ ಬಾರದು" ಎಂದು ಹೆಮ್ಮೆಯಿಂದ ಹೇಳುವವಳು. ಓದು ಬಾರದು ಎಂದು ಯಾರಾದರೂ ಹೀಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆಯೇ ಎಂದು ಶರಣಮ್ಮನವರಿಗೆ ಪ್ರತಿ ಸಲ ಅನ್ನಿಸುತ್ತಿತ್ತು. ಸಮಿತಿ ಮಾಡಿದ ಏರ್ಪಾಟು ಮಾತ್ರ ಅವರಿಗೆ ಒಪ್ಪಿಗೆಯಾಯಿತು: ಒಬ್ಬೊಬ್ಬರನ್ನೇ ಕರೆದು, ಅಧ್ಯಕ್ಷೆ ಮತ್ತು ಶರಣಮ್ಮನವರ ಎದುರಿಗೆ ಕೂರಿಸಿ, ಅದೇ ಲೆಕ್ಕವನ್ನು ಕೈಯಲ್ಲಿ ಬರೆಸುವುದು.

ಮೊದಲು ಬಂದ ನಾಲ್ವರು ಪೆನ್ನು ಹಿಡಿದು ಚಾವಣಿ ನೋಡಿದರು. ಒಬ್ಬ ಹುಡುಗ ಸೂತ್ರದಲ್ಲಿನ e ಎಂಬ ಅಕ್ಷರ ಏನೆಂದು ಕೇಳಿದ. ಶರಣಮ್ಮನವರಿಗೆ ಒಂದು ಬಗೆಯ ತೃಪ್ತಿಯಾಯಿತು. ಅಂದುಕೊಂಡದ್ದು ಅಂದುಕೊಂಡಂತೆಯೇ ಇತ್ತು.

ಐದನೆಯವಳು ಮಾಳವಿಕಾ. ಹೆಸರು ನೋಡಿದರೆ ನಮ್ಮ ಕಡೆಯವಳೇ. ತಡವಾಗಿ ಬಂದಳು, ಕಾರಿನ ಕೀಲಿಯನ್ನು ಮೇಜಿನ ಮೇಲೆ ಎಸೆದು ಕೂತಳು. ಯಾವುದೋ ಡಾಕ್ಟರನ ಮಗಳಿರಬೇಕು ಎಂದುಕೊಂಡ ಶರಣಮ್ಮ, ಅವಳನ್ನೂ ಆ ನಾಲ್ವರ ಪಕ್ಕಕ್ಕೆ ಸೇರಿಸಿಬಿಟ್ಟರು.

"ಕಾಯುವ ಹೊತ್ತು t ಗಿಂತ ಹೆಚ್ಚಾಗುವ ಸಂಭವ ಬರೆ," ಎಂದರು ಇಂಗ್ಲಿಷಿನಲ್ಲಿ.

"ಅನುಕಲನ ಮಾಡಬೇಕಾ?"

"ನಿನಗೆ ಹೇಗೆ ಬರುತ್ತದೋ ಹಾಗೆ. ಬಂದರೆ."

ಹುಡುಗಿ ಹಾಳೆ ಎಳೆದುಕೊಂಡಳು. ಕೋಳಿ ಕೆದರಿದಂಥ ಬರವಣಿಗೆ. "t ಗಿಂತ ಹೆಚ್ಚು ಕಾಯುವುದೆಂದರೆ ಆ t ಹೊತ್ತಿನಲ್ಲಿ ಒಬ್ಬರೂ ಬರಲಿಲ್ಲ ಅಂತ ಅಷ್ಟೇ," ಎನ್ನುತ್ತ ಬರೆದಳು: P(T > t) = P(N(t) = 0) = e^(−λt). ಬರೆದದ್ದು ಲ್ಯಾಮ್ಡಾ, ಥೀಟಾ ಅಲ್ಲ. ಒಂದೇ ಸಾಲು.

ಶರಣಮ್ಮ ಬಗ್ಗಿ ನೋಡಿದರು. ಅದು ಅವರೇ ತರಗತಿಯಲ್ಲಿ ಬರೆದ ಸಾಲು. ಗಿಣಿಯೂ ಕಂಠಪಾಠ ಮಾಡುತ್ತದೆ.

"ಕಾಲು ಗಂಟೆಗೆ?"

ಹುಡುಗಿ ಆರನ್ನು ಹದಿನೈದರಿಂದ ಗುಣಿಸಿ e^(−90) ಎಂದು ಬರೆದಳು. ಶರಣಮ್ಮನವರ ತುಟಿಯ ತುದಿ ಕೊಂಕಿತು. ಆದರೆ ಹುಡುಗಿಯೇ ಹಾಳೆಯನ್ನು ನೋಡಿ ಮೂಗು ಮುರಿದಳು. "ಇದು ಸೊನ್ನೆಯೇ ಆಯ್ತಲ್ಲ. ಸರಾಸರಿ ಹತ್ತು ನಿಮಿಷಕ್ಕೊಬ್ಬರು ಬರುವಾಗ ಹದಿನೈದು ನಿಮಿಷ ಯಾರೂ ಬಾರದೆ ಇರೋದು ಅಂಥಾ ದೊಡ್ಡ ಪವಾಡವೇನಲ್ಲ. ಓ, ನಿಮಿಷ. ದರ ಗಂಟೆಯದು." ಹದಿನೈದನ್ನು ಹೊಡೆದುಹಾಕಿ ಕಾಲು ಗಂಟೆ ಎಂದು ತಿದ್ದಿದಳು: e^(−1.5), ಸುಮಾರು 0.22. "ನಾಲ್ಕೈದು ಸಲಕ್ಕೊಮ್ಮೆ ಹಾಗಾಗುತ್ತೆ."

ಶರಣಮ್ಮ ಆ ಗೀಟು ಎಳೆದ ತಪ್ಪನ್ನೇ ನೋಡಿದರು. ಕದ್ದ ಉತ್ತರದಲ್ಲಿ ಇಂಥ ತಪ್ಪು ಇರುವುದಿಲ್ಲ. ಇದ್ದರೂ, ಕದ್ದವರಿಗೆ ಅದು ಕಾಣುವುದಿಲ್ಲ. ಆದರೂ ಬಿಡಲಿಲ್ಲ. ಮನೆಗೆಲಸದಲ್ಲಿ ಇಲ್ಲದ ಪ್ರಶ್ನೆ ಕೇಳಿದರು.

"ಆಗಲೇ ಹತ್ತು ನಿಮಿಷ ಕಾದಿದ್ದಾಯಿತು, ಯಾರೂ ಬಂದಿಲ್ಲ. ಇನ್ನೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಕಾಯಬೇಕಾಗುವ ಸಂಭವ?"

ಹುಡುಗಿ ಒಟ್ಟು ಇಪ್ಪತ್ತೈದು ನಿಮಿಷದ ಸಂಭವವನ್ನು ಮೇಲೆ, ಹತ್ತು ನಿಮಿಷದ ಸಂಭವವನ್ನು ಕೆಳಗೆ ಬರೆದು ಭಾಗಿಸಿದಳು. e^(−2.5) ಭಾಗಿಸು e^(−1) ಎಂದು ತನ್ನ ಗೀಚನ್ನು ತಾನೇ ಓದಿಕೊಂಡು, ಕೊನೆಗೆ e^(−1.5) ಎಂದು ಬರೆದಳು. "ಮತ್ತೆ ಅದೇ. ಕಾದದ್ದಕ್ಕೆ ಏನೂ ಬೆಲೆ ಇಲ್ಲ. ಮತ್ತೆ ಮೊದಲಿಂದ ಶುರು."

ಹೆಲೆನ್ ಪ್ರಾಟ್ ಕನ್ನಡಕ ಸರಿಮಾಡಿಕೊಂಡು, "ಅದು ಸರಿಯೇ?" ಎಂದು ಕೇಳಿದಳು.

"ಸರಿ," ಎಂದರು ಶರಣಮ್ಮ. ಆ ಒಂದು ಶಬ್ದ ಹೇಳಲು ಅವರು ನೀರು ಕುಡಿಯಬೇಕಾಯಿತು.

"ಹಾಗಾದರೆ ಮನೆಗೆಲಸ ಇವಳದೇ?"

ಅಧ್ಯಕ್ಷೆ ಕೇಳಿದ್ದು ಶರಣಮ್ಮನವರನ್ನು. ಉತ್ತರ ಕೊಟ್ಟದ್ದು ಹುಡುಗಿ. "ಅಲ್ಲ. ಅದು ಕಾಪಿ ಹೊಡೆದದ್ದೇ. ಓದಿಯೂ ನೋಡಲಿಲ್ಲ."

ಶರಣಮ್ಮನವರಿಗೆ ಬಂದ ಸಿಟ್ಟು ಆ ನಾಲ್ವರ ಮೇಲೂ ಬಂದಿರಲಿಲ್ಲ. ಬಾರದವನು ಕದ್ದರೆ ಹಸಿದವನು ಕದ್ದ ಹಾಗೆ. ಮನೆಯಲ್ಲಿ ಕಣಜ ತುಂಬಿಟ್ಟುಕೊಂಡು ಪಕ್ಕದವರ ಹೊಲದಲ್ಲಿ ತೆನೆ ಮುರಿಯುವವಳಿಗೆ ಏನೆನ್ನಬೇಕು?

"ಬರುತ್ತಿದ್ದರೂ ಯಾಕೆ ಬರೆಯಲಿಲ್ಲ?"

ಹುಡುಗಿ ಮೊದಲ ಸಲ ನೇರವಾಗಿ ನೋಡಿದಳು. "ನೀವು ಕ್ಲಾಸಿನಲ್ಲಿ ತಲೆಯೆತ್ತಿ ನಮ್ಮನ್ನು ನೋಡ್ತೀರಲ್ಲ, ಯಾರಿಗೂ ಏನೂ ಬರಲ್ಲ ಅಂತ ಆಗಲೇ ತೀರ್ಮಾನ ಮಾಡಿರೋ ಹಾಗೆ. ಅಂಥವರಿಗೆ ಯಾಕೆ ಕಷ್ಟಪಟ್ಟು ಬರೀಬೇಕು ಅನ್ನಿಸ್ತು."

ಅದರಲ್ಲಿ ಕ್ಷಮೆ ಇರಲಿಲ್ಲ, ಅಳು ಇರಲಿಲ್ಲ. ಇದ್ದದ್ದು ಶುದ್ಧ ತಾತ್ಸಾರ. ಮೂವತ್ತು ವರ್ಷ ಅದನ್ನೇ ಹಂಚುತ್ತ ಬಂದ ಶರಣಮ್ಮನವರಿಗೆ ಅದರ ರುಚಿ ತಕ್ಷಣ ಗುರುತು ಸಿಕ್ಕಿತು.

"ಸೋಮಾರಿತನಕ್ಕೆ ಒಳ್ಳೆಯ ಬಟ್ಟೆ ತೊಡಿಸಿದ್ದೀಯ," ಎಂದರು. "ಆದರೂ ಸೋಮಾರಿತನವೇ."

ಮನೆಗೆಲಸಕ್ಕೆ ಸೊನ್ನೆ, ಒಂದು ಎಚ್ಚರಿಕೆ. ಅಷ್ಟಕ್ಕೆ ಮುಗಿಯಿತು. ಉಳಿದ ಹದಿಮೂವರಿಗೂ ಅದೇ ಶಿಕ್ಷೆ. ಬಂದೂ ಕದ್ದದ್ದು, ಬಾರದೆ ಕದ್ದದ್ದು, ಎರಡೂ ಒಂದೇ ಹೇಗಾಗುತ್ತದೆ ಎಂದು ಶರಣಮ್ಮ ಕೇಳಿದರು. ನಿಯಮ ಹಾಗಿದೆ ಎಂದಳು ಹೆಲೆನ್ ಪ್ರಾಟ್. ನಿಯಮ ಬರೆದವರಿಗೆ ಗಣಿತವೂ ಬಾರದು, ಮನುಷ್ಯರೂ ಗೊತ್ತಿಲ್ಲ ಎಂದುಕೊಂಡು ಶರಣಮ್ಮ ಸಹಿ ಹಾಕಿದರು.

ಮುಂದಿನ ಟರ್ಮಿನಿಂದ ಅವರು ಮನೆಗೆಲಸವನ್ನೇ ನಿಲ್ಲಿಸಿ, ವಾರವಾರ ತರಗತಿಯಲ್ಲೇ ಕೈಬರಹದಲ್ಲಿ ಲೆಕ್ಕ ಬರೆಸತೊಡಗಿದರು. ಸಹಾಯಕರಿಗೆ ಕೊಡದೆ ಎಲ್ಲವನ್ನೂ ತಾವೇ ತಿದ್ದಿದರು. ಅದರಿಂದ ವಿದ್ಯಾರ್ಥಿಗಳ ಬಗ್ಗೆ ಗೌರವ ಹೆಚ್ಚಿತೆಂದು ಹೇಳಲಾಗದು. ಹೆಚ್ಚಿನವು ನಿಜಕ್ಕೂ ದಡ್ಡ ಉತ್ತರಗಳೇ. ಹತ್ತು ನಿಮಿಷ ಕಾದಿದ್ದರಿಂದ ಇನ್ನು ಬೇಗ ಬರುತ್ತಾರೆ ಎಂದು ಬರೆದವರೇ ಅರ್ಧಕ್ಕಿಂತ ಹೆಚ್ಚು. ಆದರೆ ಈಗ ತಲೆಯೆತ್ತಿ ನೋಡುವಾಗ ಒಟ್ಟು ಸೊಪ್ಪಿನ ಕಂತೆ ಕಾಣದೆ, ಒಂದೊಂದೇ ಬರವಣಿಗೆ ಕಾಣುತ್ತಿತ್ತು. ಯಾರನ್ನು ಎಷ್ಟು ಹೀಗಳೆಯಬೇಕೆಂದು ಬೇರೆಬೇರೆಯಾಗಿ ನಿರ್ಧರಿಸಬೇಕಾಗುತ್ತಿತ್ತು. ಅದು ಹೆಚ್ಚಿನ ಕೆಲಸ.

ವಸಂತದಲ್ಲೊಂದು ಭಾನುವಾರ ಶಿವಪ್ಪನವರ ಆಸ್ಪತ್ರೆಯ ಡಾಕ್ಟರ್ ಚಿದಾನಂದ ಸೊಲಿಹಲ್ ಊರಿನ ತಮ್ಮ ಮನೆಗೆ ಊಟಕ್ಕೆ ಕರೆದರು. ಮೈಸೂರಿನವರು, ತುರ್ತು ವಿಭಾಗದ ಮುಖ್ಯಸ್ಥರು. ಹೊಸದಾಗಿ ಹಿಗ್ಗಿಸಿದ ಅಡುಗೆಮನೆಯ ಕಟ್ಟೆಯ ಕಲ್ಲನ್ನು ಎಲ್ಲರೂ ಮುಟ್ಟಿ ನೋಡಬೇಕಿತ್ತು. ಶರಣಮ್ಮ ಮುಟ್ಟದೆ ಕೈ ಕಟ್ಟಿ ನಿಂತಿದ್ದಾಗ ಮೆಟ್ಟಿಲಿಳಿದು ಬಂದವಳು ಮಾಳವಿಕಾ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹುಡುಗಿಯ ಮುಖ ಬಿಳಿಚಿತು. ಮನೆಯವರಿಗೆ ಏನೂ ಗೊತ್ತಿಲ್ಲ ಎಂಬುದು ಆ ಮುಖದಲ್ಲೇ ಬರೆದಿತ್ತು.

"ನಮ್ಮ ಮಗಳು. ನಿಮ್ಮ ಯೂನಿವರ್ಸಿಟೀಲೇ ಓದೋದು ಮೇಡಂ. ನಿಮಗೆ ಗೊತ್ತಾ?" ಎಂದರು ಚಿದಾನಂದ.

"ಬಹಳ ಜನ ಇರ್ತಾರೆ," ಎಂದರು ಶರಣಮ್ಮ.

ಬಿಸಿಬೇಳೆಬಾತ್ ಉಣ್ಣುತ್ತ ಚಿದಾನಂದರು ಆಸ್ಪತ್ರೆಯ ಕಥೆ ಹೇಳಿದರು. "ಮೂವತ್ತು ವರ್ಷದ ಅನುಭವ ನಂದು. ಒಂದು ಗಂಟೆ ಆಂಬುಲೆನ್ಸ್ ಬರಲಿಲ್ಲ ಅಂದ್ರೆ, ಮುಂದಿನ ಐದು ನಿಮಿಷದಲ್ಲಿ ಬಂದೇ ಬರುತ್ತೆ. ಜೂನಿಯರ್‌ಗಳಿಗೂ ಅದನ್ನೇ ಹೇಳ್ತೀನಿ. ಕಾದಷ್ಟೂ ಹತ್ತಿರ ಬಂತು ಅಂತ ಅರ್ಥ."

ಶರಣಮ್ಮ ಉಪ್ಪಿನಕಾಯಿ ಹಾಕಿಕೊಳ್ಳುತ್ತಿದ್ದರು. ಈ ಮನುಷ್ಯನಿಗೆ ಉತ್ತರ ಕೊಡುವ ಶ್ರಮವೂ ದಂಡ ಎನ್ನಿಸಿತು.

"ಆಂಬುಲೆನ್ಸ್‌ಗೆ ಗೊತ್ತಿಲ್ಲ, ಅಪ್ಪ," ಎಂದಳು ಮಾಳವಿಕಾ. ಅಲ್ಲಿಯವರೆಗೆ ಬರೀ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವಳು ಕನ್ನಡದಲ್ಲಿ, ತಡವರಿಸುತ್ತ ಹೇಳಿದಳು. "ನೀವು ಎಷ್ಟು ಹೊತ್ತು ಕಾದ್ರಿ ಅಂತ ಅದಕ್ಕೆ ಗೊತ್ತಿಲ್ಲ. ಒಂದೇ ರೇಟ್‌ನಲ್ಲಿ, ಒಂದಕ್ಕೊಂದು ಸಂಬಂಧ ಇಲ್ದೆ ಬರ್ತಿದ್ರೆ, ಒಂದು ಗಂಟೆ ಕಾದಿದ್ರೂ ಇನ್ನೂ ಅಷ್ಟೇ."

"ಪುಸ್ತಕದ ಮಾತು," ಎಂದು ಚಿದಾನಂದ ನಕ್ಕರು. "ನೀವೇ ಹೇಳಿ ಮೇಡಂ, ಅನುಭವ ದೊಡ್ಡದೋ ಇದು ದೊಡ್ಡದೋ?"

"ಆಕೆ ಹೇಳಿದ್ದೇ ಸರಿ," ಎಂದರು ಶರಣಮ್ಮ. "ನೀವು ಅದು ಬಂದ ಸಲ ನೆನಪಿಟ್ಟೀರಿ, ಬಾರದ ಸಲ ಮರೆತೀರಿ. ಮೂವತ್ತು ವರ್ಷ ಮರೆತರೆ ಅದಕ್ಕೆ ಅನುಭವ ಅನ್ನೋದಿಲ್ಲ."

ಶಿವಪ್ಪ ತಟ್ಟೆ ನೋಡಿಕೊಂಡು ಕೂತರು. ಚಿದಾನಂದರ ನಗು ಅರ್ಧಕ್ಕೆ ನಿಂತಿತು. ಮಾಳವಿಕಾ ತಂದೆಯನ್ನು ನೋಡುತ್ತಿದ್ದ ನೋಟದಲ್ಲಿ ಕನಿಕರ ಒಂದಿಷ್ಟೂ ಇರಲಿಲ್ಲ. ಅದನ್ನು ಕಂಡು ಶರಣಮ್ಮನವರಿಗೆ ಖುಷಿಯೂ ಆಯಿತು, ಒಂದು ತೆರನ ಕಸಿವಿಸಿಯೂ ಆಯಿತು. ಹೊರಡುವಾಗ ಹುಡುಗಿ ಬಾಗಿಲವರೆಗೆ ಬಂದಳು. ಥ್ಯಾಂಕ್ಸ್ ಹೇಳಲಿಲ್ಲ. ಶರಣಮ್ಮನವರೂ ನಿರೀಕ್ಷಿಸಲಿಲ್ಲ.

ಕಾರಿನಲ್ಲಿ ಶಿವಪ್ಪ ಅಂದರು: "ಮಂದಿ ಮನ್ಯಾಗ ಉಂಡು ಹಂಗ ಅನಬಾರದಿತ್ತು."

"ಬಿಸಿಬ್ಯಾಳಿಬಾತ್ ಛಲೋ ಇತ್ತು. ಅದಕ್ಕ ಏನೂ ಅನಲಿಲ್ಲ."

"ಆ ಹುಡುಗಿ ನಿನ್ನ ಕ್ಲಾಸಿನಾಕಿ ಹೌದಲ್ಲ? ಶಾಣ್ಯಾ ಅದಾಳೇನು?"

"ಶಾಣ್ಯಾ ಅದಾಳ," ಎಂದರು ಶರಣಮ್ಮ. "ಸೊಕ್ಕು ಬಾಳ. ನೋಡಿದ್ರ ಮೈ ಉರೀತದ."